ಸಂಪಿಗೆ ಮರದ ಕೆಳಗಿನ ಸ್ಕೂಟರ್ ಮತ್ತು ಜ್ಞಾನದ ಲಕ್ಷಣ

ಪ್ರಶ್ನೆ: ನಾನು ನಂಬಿದ್ದು ನಿಜವಾಗಿದ್ದು, ನಂಬಲು ಒಳ್ಳೆಯ ಆಧಾರವೂ ಇದ್ದರೆ ಅದು ಜ್ಞಾನವೇ ಅಲ್ಲವೇ? ಗೆಟಿಯರ್ ಎಂಬವರು ಇದನ್ನು ಅಲ್ಲಗಳೆದರಂತೆ. ಹೇಗೆ?

ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ 1963ರಲ್ಲಿ ಬರೆದ ಮೂರೇ ಪುಟಗಳ ಲೇಖನದಲ್ಲಿ ಇಬ್ಬರು ಉದ್ಯೋಗಾಕಾಂಕ್ಷಿಗಳೂ ಜೇಬಿನಲ್ಲಿರುವ ಹತ್ತು ನಾಣ್ಯಗಳೂ ಬರುತ್ತವೆ. ಆ ಕಥೆ ತುಸು ಕೃತಕವೆನಿಸುವುದರಿಂದ ನಮ್ಮ ಬೀದಿಯಲ್ಲೇ ನಡೆದ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ.

ಎದುರುಮನೆಯ ರಾಯರು ಕೆಲಸಕ್ಕೆ ಹೋಗಿಬರುವುದು ಸ್ಕೂಟರಿನಲ್ಲಿ. ಅದು ಸಂಪಿಗೆ ಮರದ ಕೆಳಗೆ ನಿಂತಿದೆಯೆಂದರೆ ಅವರು ಮನೆಯಲ್ಲಿದ್ದಾರೆ ಎಂದೇ ಅರ್ಥ. ಹಲವು ವರ್ಷಗಳಿಂದ ಈ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಒಂದು ಸಂಜೆ ಐದು ಗಂಟೆಗೆ ಯಾರೋ ಅವರನ್ನು ಹುಡುಕಿಕೊಂಡು ಬಂದಾಗ, ಕಿಟಕಿಯಿಂದ ಸ್ಕೂಟರನ್ನು ನೋಡಿ 'ಮನೆಯಲ್ಲೇ ಇದ್ದಾರೆ, ಹೋಗಿ' ಎಂದೆ. ಅವರು ಇದ್ದರು ಕೂಡ. ಆದರೆ ಅಂದು ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗದೆ ರಾಯರು ಬಸ್ಸಿನಲ್ಲಿ ಹೋಗಿದ್ದರೆಂದೂ, ನಾನು ಕಿಟಕಿಗೆ ಬರುವ ಹತ್ತು ನಿಮಿಷ ಮೊದಲಷ್ಟೇ ಬಸ್ಸಿನಲ್ಲೇ ಮರಳಿದ್ದರೆಂದೂ ಆಮೇಲೆ ತಿಳಿಯಿತು. ಅದೇ ಮಾತನ್ನು ನಾನು ಮಧ್ಯಾಹ್ನ ಎರಡು ಗಂಟೆಗೆ, ಅದೇ ಸ್ಕೂಟರನ್ನು ನೋಡಿ, ಅಷ್ಟೇ ವಿಶ್ವಾಸದಿಂದ ಹೇಳುತ್ತಿದ್ದೆ, ಮತ್ತು ಆಗ ಅದು ಸುಳ್ಳಾಗುತ್ತಿತ್ತು. ನನ್ನ ನಂಬಿಕೆ ನಿಜ, ಆಧಾರವೂ ಯಾರೂ ಆಕ್ಷೇಪಿಸಲಾಗದಂಥದ್ದು. ಆದರೂ ರಾಯರು ಮನೆಯಲ್ಲಿರುವುದು ನನಗೆ 'ಗೊತ್ತಿತ್ತು' ಎನ್ನಲು ನಾಲಿಗೆ ಏಳುವುದಿಲ್ಲ.

ಇದಕ್ಕೆ ಮೊದಲು ಹೊಳೆಯುವ ಪರಿಹಾರವನ್ನು ಮೈಕೆಲ್ ಕ್ಲಾರ್ಕ್ ಅದೇ 1963ರಲ್ಲಿ ಸೂಚಿಸಿದರು: ನಂಬಿಕೆಗೆ ಒಯ್ದ ಮೆಟ್ಟಿಲುಗಳಲ್ಲಿ ಒಂದೂ ಸುಳ್ಳಾಗಿರಬಾರದು. ಹನ್ನೆರಡನೆಯ ಶತಮಾನದ ಶ್ರೀಹರ್ಷನು ನ್ಯಾಯ ದರ್ಶನದವರಾದ ನೈಯಾಯಿಕರು ಪ್ರಮೆಗೆ, ಅಂದರೆ ಯಥಾರ್ಥ ಜ್ಞಾನಕ್ಕೆ, ಕೊಟ್ಟ ಲಕ್ಷಣಗಳನ್ನು ಖಂಡಿಸುವಾಗ ಎತ್ತುವ ಒಂದು ಬಗೆಯ ಉದಾಹರಣೆಗೆ ಈ ಪರಿಹಾರ ಚೆನ್ನಾಗಿ ಒಪ್ಪುತ್ತದೆ. ಮಂಜನ್ನು ಹೊಗೆಯೆಂದು ಭ್ರಮಿಸಿ 'ಬೆಟ್ಟದಲ್ಲಿ ಬೆಂಕಿಯಿದೆ' ಎಂದು ಒಬ್ಬನು ಅನುಮಾನಿಸುತ್ತಾನೆ, ಅಲ್ಲಿ ನಿಜವಾಗಿಯೂ ಬೆಂಕಿ ಇರುತ್ತದೆ. ಇಲ್ಲಿ ಸುಳ್ಳು ಮೆಟ್ಟಿಲು ಕಣ್ಣೆದುರಿಗೇ ಇದೆ, ಏಕೆಂದರೆ ಅವನು ಕಂಡದ್ದು ಹೊಗೆಯಲ್ಲ. ನನ್ನ ಸ್ಕೂಟರ್ ಪ್ರಸಂಗದಲ್ಲಾದರೋ ಸ್ಕೂಟರ್ ಅಲ್ಲಿದ್ದದ್ದು ನಿಜ, ಅದು ರಾಯರದ್ದೇ ಎಂಬುದು ನಿಜ, ಅದಿದ್ದಾಗ ಅವರು ಸಾಮಾನ್ಯವಾಗಿ ಮನೆಯಲ್ಲಿರುತ್ತಾರೆ ಎಂಬುದೂ ನಿಜ.

'ರಾಯರು ಇಂದು ಸ್ಕೂಟರಿನಲ್ಲೇ ಬಂದಿದ್ದಾರೆ' ಎಂದು ನೀವು ಒಳಗೊಳಗೇ ಊಹಿಸಿಕೊಂಡಿದ್ದಿರಿ, ಅದು ಸುಳ್ಳು ಎಂದು ಯಾರಾದರೂ ಹೇಳಬಹುದು. ನಾನು ಹಾಗೆ ಯೋಚಿಸಿರಲೇ ಇಲ್ಲ. ಆದರೂ ಇಂಥ ಅವ್ಯಕ್ತ ಊಹೆಗಳನ್ನೂ ಲೆಕ್ಕಕ್ಕೆ ಹಿಡಿದರೆ ನಿಯಮ ಅತಿ ಬಿಗಿಯಾಗುತ್ತದೆ. ಮದುವೆಯ ಊಟಕ್ಕೆ ಕುಳಿತವರನ್ನು ಎಣಿಸುವವನು ಐವತ್ತೆರಡು ಜನರನ್ನು ಐವತ್ತಮೂರು ಎಂದು ತಪ್ಪಾಗಿ ಎಣಿಸಿ, 'ನೂರು ಎಲೆ ಧಾರಾಳವಾಗಿ ಸಾಕು' ಎಂದು ತೀರ್ಮಾನಿಸುತ್ತಾನೆ ಎನ್ನಿ. ಮೆಟ್ಟಿಲು ಸುಳ್ಳು, ಆದರೂ ಎಲೆ ಸಾಲುತ್ತದೆ ಎಂಬುದು ಅವನಿಗೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಹೀಗಾಗಿ ಸುಳ್ಳು ಮೆಟ್ಟಿಲು ಇರುವುದಕ್ಕೂ ಜ್ಞಾನ ಇಲ್ಲದಿರುವುದಕ್ಕೂ ಗಂಟು ಹಾಕಲು ಬರುವುದಿಲ್ಲ.

ಆಮೇಲೆ ಬಂದ ತಿದ್ದುಪಡಿಗಳು ಬಹಳ. ಅವುಗಳನ್ನೆಲ್ಲ ಇಲ್ಲಿ ಹರಡುವುದಿಲ್ಲ. ಅವು ಒಂದಾದ ಮೇಲೊಂದು ಏಕೆ ಎಡವುತ್ತವೆ ಎಂಬುದನ್ನು 1994ರಲ್ಲಿ ಲಿಂಡಾ ಜಾಗ್ಜೆಬ್ಸ್ಕಿ ತೋರಿಸಿದ ಬಗೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸಮರ್ಥನೆ, ಅಂದರೆ ನಂಬಿಕೆಗಿರುವ ಆಧಾರ, ಎಷ್ಟೇ ಬಲವಾಗಿರಲಿ, ಸಮರ್ಥನೆಯಿದ್ದೂ ನಂಬಿಕೆ ಸುಳ್ಳಾಗಬಹುದು ಎಂದು ಒಪ್ಪಿದರೆ ಸಾಕು. ಆಗ ದುರದೃಷ್ಟದಿಂದ ಸುಳ್ಳಾಗಬೇಕಿದ್ದ ಒಂದು ನಂಬಿಕೆಯನ್ನು ಕಲ್ಪಿಸಿಕೊಂಡು, ಸಮರ್ಥನೆಗೆ ಸಂಬಂಧವಿಲ್ಲದ ಇನ್ನೊಂದು ಅದೃಷ್ಟದಿಂದ ಅದನ್ನು ನಿಜವಾಗಿಸಬಹುದು. ಕೆಟ್ಟ ಸ್ಕೂಟರ್ ಮೊದಲನೆಯದು, ಬೇಗ ಸಿಕ್ಕ ಬಸ್ಸು ಎರಡನೆಯದು. ನಂಬಿಕೆ, ಸತ್ಯ, ಸಮರ್ಥನೆ ಎಂಬ ಮೂರರ ಜೊತೆಗೆ ನಾಲ್ಕನೆಯ ಷರತ್ತನ್ನು ಸೇರಿಸಿದರೂ, ಅದು ಸತ್ಯವನ್ನು ಖಾತ್ರಿಪಡಿಸದಿರುವವರೆಗೆ, ಇದೇ ಪಾಕ ಮತ್ತೆ ಕುದಿಯುತ್ತದೆ.

ಹಾಗಿದ್ದರೆ ಸತ್ಯವನ್ನು ಖಾತ್ರಿಪಡಿಸುವ ಆಧಾರವನ್ನೇ ಕೇಳೋಣವೆಂದರೆ, ಹಾಲಿನವನು ಬೆಳಿಗ್ಗೆ ಬಂದು ಹೋದದ್ದಾಗಲಿ ಮಗಳು ಶಾಲೆಯಲ್ಲಿರುವುದಾಗಲಿ ನಮಗೆ ಗೊತ್ತಿಲ್ಲವೆನ್ನಬೇಕಾಗುತ್ತದೆ. ಉಳಿದ ಒಂದು ದಾರಿಯನ್ನು ಟಿಮೊಥಿ ವಿಲಿಯಮ್ಸನ್ 2000ದಲ್ಲಿ ಹಿಡಿದರು: ಜ್ಞಾನವನ್ನು ನಂಬಿಕೆ, ಸತ್ಯ, ಸಮರ್ಥನೆಗಳಾಗಿ ಬಿಡಿಸುವುದನ್ನೇ ಬಿಟ್ಟು, ಅದನ್ನೇ ಮೂಲವಾಗಿಟ್ಟುಕೊಂಡು ಸಮರ್ಥನೆಯನ್ನು ಅದರ ಮೂಲಕ ವಿವರಿಸುವುದು. ನನ್ನ ಒಲವು ಅತ್ತ ಪೂರ್ತಿ ವಾಲಿಲ್ಲ. ನಂಬಿಕೆ ನಿಜವಾದದ್ದು ಆಧಾರದ ದೆಸೆಯಿಂದಲೇ ಆಗಿರಬೇಕು ಎಂಬ ಸಂಬಂಧವನ್ನು ಲಕ್ಷಣದೊಳಕ್ಕೇ ತರುವವರು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದಾರೆ ಎನಿಸುತ್ತದೆ. ನನ್ನ ಮಾತು ನಿಜವಾದದ್ದು ಸ್ಕೂಟರಿನ ದೆಸೆಯಿಂದಲ್ಲ, ಬಸ್ಸಿನ ದೆಸೆಯಿಂದ. ಆದರೆ ಆ 'ದೆಸೆಯಿಂದ' ಎಂಬುದನ್ನು 'ಗೊತ್ತು' ಎಂಬ ಮಾತಿನ ಸಹಾಯವಿಲ್ಲದೆ ವಿವರಿಸಿ ಎಂದು ಕೇಳಿದಾಗ, ನನಗೆ ಈವರೆಗೆ ತೃಪ್ತಿಕರವಾದ ಉತ್ತರ ಸಿಕ್ಕಿಲ್ಲ.