ಒಂದು ಅಂಕದಲ್ಲಿ ಗೆದ್ದ ಸಪ್ಲೈಯರ್ ಪರವಾಗಿ ರಿಪೋರ್ಟ್‌ನಲ್ಲಿ ಏನು ಬರೆಯೋದು?

ಪ್ರಶ್ನೆ: ಮೂರು ಸಪ್ಲೈಯರ್‌ಗಳನ್ನು ಹೋಲಿಸಿ ವೇಟೆಡ್ ಸ್ಕೋರಿಂಗ್ ರಿಪೋರ್ಟ್ ಮಾಡು, ಯಾರನ್ನು ಆರಿಸಿದೆ, ಯಾಕೆ ಅಂತ ಸರಿಯಾಗಿ ಬರೆದುಕೊಡು ಅಂದಿದ್ದಾರೆ. ಟೇಬಲ್ ಮಾಡಿಯಾಯ್ತು. ಮೊದಲನೆಯವರಿಗೂ ಎರಡನೆಯವರಿಗೂ ಒಂದೂವರೆ ಅಂಕ ಅಷ್ಟೇ ವ್ಯತ್ಯಾಸ. "ಸ್ಕೋರ್ ಜಾಸ್ತಿ ಬಂತು" ಅಂತ ಬಿಟ್ಟು ಬೇರೆ ಏನು ಬರೆಯೋದು?

ಉತ್ತರ:

ನನಗೂ ಹೀಗೇ ಆಗಿತ್ತು. ಆಗ ನಾವು ಸಾಮಾನು ಕಳಿಸುವ ರಟ್ಟಿನ ಬಾಕ್ಸ್‌ಗಳಿಗೆ ಸಪ್ಲೈಯರ್ ಹುಡುಕುತ್ತಿದ್ದೆವು. ಗೆದ್ದವರಿಗೆ 87, ಎರಡನೆಯವರಿಗೆ 86. "ಒಂದು ಅಂಕ ಜಾಸ್ತಿ, ಆದ್ದರಿಂದ ಶಿಫಾರಸು" ಅಂತ ಬರೆದು ಕೊಟ್ಟೆ. ಫೈನಾನ್ಸ್‌ನವರು ಟೇಬಲ್ ನೋಡಿ ಒಂದೇ ಮಾತು ಕೇಳಿದರು: "ಬೆಲೆಗೆ ಅಂಕ ಕೊಡುವ ಫಾರ್ಮುಲಾ ಬದಲಾಯಿಸಿದರೂ ಇವರೇ ಗೆಲ್ತಾರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಪೋರ್ಟ್ ವಾಪಸ್ ಬಂತು.

ಎರಡನೇ ಸಲ ಏನು ಮಾಡಿದೆ ಅಂತ ಹೇಳ್ತೀನಿ, ನಿಮ್ಮ ಟೇಬಲ್‌ಗೂ ಅದೇ ದಾರಿ ಹಿಡಿಯಬಹುದು.

ಸಪ್ಲೈಯರ್‌ಗಳನ್ನು ಎ, ಬಿ, ಸಿ ಅಂತ ಇಟ್ಟುಕೊಳ್ಳಿ. ಬೆಲೆಯಲ್ಲಿ ಎ ಅಗ್ಗ. ಅವರ ದರ 100 ಅಂದುಕೊಂಡರೆ ಬಿ 108, ಸಿ 125. ಸಾಗಾಟ, ತೆರಿಗೆ ಎಲ್ಲ ಸೇರಿ ಬಾಕ್ಸ್ ನಮ್ಮ ಗೋಡೌನ್ ಬಾಗಿಲಿಗೆ ಬಂದಾಗಿನ ದರ ಇದು. ಒಬ್ಬರು ಸಾಗಾಟ ಸೇರಿಸಿ, ಇನ್ನೊಬ್ಬರು ಬಿಟ್ಟು ಕೋಟ್ ಮಾಡಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನದ್ದೆಲ್ಲ ಸುಮ್ನೆ. ಮೂವರಿಂದಲೂ ಒಂದು ವರ್ಷದಿಂದ ಸಣ್ಣ ಸಣ್ಣ ಆರ್ಡರ್ ತರಿಸುತ್ತಿದ್ದೆವು. ಹಾಗಾಗಿ ಡೆಲಿವರಿಗೆ ದಾಖಲೆ ಇತ್ತು. ಗುಣಮಟ್ಟಕ್ಕೆ ತಲಾ ಹತ್ತು ಬಾಕ್ಸ್ ತೆಗೆದು ಕಂಪ್ರೆಶನ್ ಟೆಸ್ಟ್ ಮಾಡಿಸಿದ್ದೆವು, ಅಂದರೆ ಮೇಲಿನಿಂದ ಎಷ್ಟು ಭಾರ ಒತ್ತಿದರೆ ಬಾಕ್ಸ್ ಕುಸಿಯುತ್ತದೆ ಅನ್ನೋ ಪರೀಕ್ಷೆ.

| ಅಂಶ | ವೇಟೇಜ್ | ಎ | ಬಿ | ಸಿ |
|---|---|---|---|---|
| ಬೆಲೆ | 40 | 100 | 92.6 | 80 |
| ಗುಣಮಟ್ಟ | 30 | 60 | 80 | 100 |
| ಡೆಲಿವರಿ | 20 | 60 | 100 | 80 |
| ಸ್ಪಂದನೆ | 10 | 80 | 60 | 80 |
| ಒಟ್ಟು | 100 | 78 | 87 | 86 |

ಒಟ್ಟು ಅಂಕಕ್ಕೆ ಎಕ್ಸೆಲ್‌ನಲ್ಲಿ ಇಷ್ಟು ಸಾಕು. ವೇಟೇಜ್ B ಕಾಲಂನಲ್ಲಿ, ಎ ಸಪ್ಲೈಯರ್‌ನ ಅಂಕ C ಕಾಲಂನಲ್ಲಿ ಇದೆ ಅಂದುಕೊಳ್ಳಿ:

```
=SUMPRODUCT($B$2:$B$5,C2:C5)/100
```

ಈಗ ಫೈನಾನ್ಸ್‌ನವರ ಪ್ರಶ್ನೆಗೆ ಬರೋಣ. ಬೆಲೆಗೆ ನಾನು ಅಂಕ ಕೊಟ್ಟಿದ್ದು ಹೀಗೆ: ಎಲ್ಲರಿಗಿಂತ ಕಡಿಮೆ ದರವನ್ನು ಅವರವರ ದರದಿಂದ ಭಾಗಿಸಿ, 100ರಿಂದ ಗುಣಿಸಿದೆ. ಬಿಗೆ 100 ಭಾಗಿಸು 108, ಅಂದರೆ 92.6. ಇನ್ನೊಂದು ಫಾರ್ಮುಲಾನೂ ತುಂಬ ಕಡೆ ಬಳಕೆಯಲ್ಲಿದೆ. ಅದರಲ್ಲಿ ಅತಿ ಅಗ್ಗದವರಿಗೆ 100, ಅತಿ ದುಬಾರಿಯವರಿಗೆ ಸೊನ್ನೆ, ನಡುವಿನವರಿಗೆ ದೂರಕ್ಕೆ ತಕ್ಕಂತೆ. ಹಾಗೆ ಲೆಕ್ಕ ಹಾಕಿದರೆ ಬೆಲೆಯಲ್ಲಿ ಬಿಗೆ 68, ಸಿಗೆ 0. ಒಟ್ಟು ಅಂಕ ಎಗೆ 78, ಬಿಗೆ 77.2, ಸಿಗೆ 54. ಗೆದ್ದವರೇ ಬದಲಾದರು! ಕೋಟ್ ಅದೇ, ಟೆಸ್ಟ್ ಅದೇ, ವೇಟೇಜ್ ಅದೇ.

ಇನ್ನೊಂದು ವಿಚಿತ್ರ ನೋಡಿ. ಈ ಎರಡನೇ ಫಾರ್ಮುಲಾ ಇಟ್ಟುಕೊಂಡು, ಸಿ 125ರ ಬದಲು 150 ಕೋಟ್ ಮಾಡಿದ್ದರು ಅಂದುಕೊಳ್ಳಿ. ಆಗ ಬೆಲೆಯಲ್ಲಿ ಬಿಗೆ 84 ಸಿಗುತ್ತದೆ, ಒಟ್ಟು 83.6 ಆಗಿ ಎಯನ್ನು ದಾಟುತ್ತಾರೆ. ಎ ಮತ್ತು ಬಿ ದರದಲ್ಲಿ ಒಂದು ಪೈಸೆಯೂ ಬದಲಾಗಿಲ್ಲ. ಸೋಲುವುದು ಖಚಿತವಾದ ಮೂರನೆಯವರು ಇನ್ನಷ್ಟು ದುಬಾರಿಯಾದರು, ಅದರಿಂದ ಮೊದಲ ಸ್ಥಾನ ಕೈ ಬದಲಾಯಿತು. ಬೇಕಂತಲೇ ದುಬಾರಿ ಕೋಟ್ ಒಂದನ್ನು ತರಿಸಿ ಮೂರು ಕೋಟ್ ಲೆಕ್ಕ ತೋರಿಸುವ ಅಭ್ಯಾಸ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ.

ನಾನು ಮೊದಲ ಫಾರ್ಮುಲಾನೇ ಉಳಿಸಿಕೊಂಡೆ. ಕಾರಣ ಸರಳ. ಬಿ ದರ ಜಾಸ್ತಿ ಇರೋದು ನೂರಕ್ಕೆ ಎಂಟು. ಮೊದಲ ಫಾರ್ಮುಲಾ ಅದಕ್ಕೆ ಒಟ್ಟಿನಲ್ಲಿ ಸುಮಾರು 3 ಅಂಕ ಕಳೆಯುತ್ತದೆ, ಎರಡನೆಯದು ಹತ್ತಿರ ಹತ್ತಿರ 13. ನಮಗೆ ಆ ಎಂಟು ಅಷ್ಟು ಭಾರ ಅಲ್ಲ. ಆದರೆ ಇದಕ್ಕೂ ಒಂದು ಬೆಲೆ ಇದೆ, ಅದನ್ನು ರಿಪೋರ್ಟ್‌ನಲ್ಲೇ ಒಪ್ಪಿಕೊಂಡೆ. ಬೆಲೆಗೆ 40 ವೇಟೇಜ್ ಅಂತ ಬರೆದಿದ್ದರೂ, ಅತಿ ಅಗ್ಗದವರಿಗೂ ಅತಿ ದುಬಾರಿಯವರಿಗೂ ಆಗುವ ವ್ಯತ್ಯಾಸ ಬರೀ 8 ಅಂಕ. ಗುಣಮಟ್ಟದ ವೇಟೇಜ್ 30 ಆದರೂ ಅಲ್ಲಿ ವ್ಯತ್ಯಾಸ 12. ಅಂದರೆ ನನ್ನ ಟೇಬಲ್‌ನಲ್ಲಿ ನಿಜವಾಗಿ ಮುಂದಿರೋದು ಗುಣಮಟ್ಟ, ಬೆಲೆ ಅಲ್ಲ. ನಿಮ್ಮ ಟೇಬಲ್‌ನಲ್ಲೂ ಪ್ರತಿ ಸಾಲಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕದ ನಡುವಿನ ಅಂತರವನ್ನು ವೇಟೇಜ್ ಹಾಕಿ ನೋಡಿ. ನೀವು ಅಂದುಕೊಂಡ ಅಂಶವೇ ತೀರ್ಮಾನ ಮಾಡುತ್ತಿದೆಯಾ ಅಂತ ತಿಳಿಯುತ್ತದೆ.

ಫಾರ್ಮುಲಾ ಮತ್ತು ವೇಟೇಜ್ ಎರಡನ್ನೂ ಕೋಟ್ ತೆರೆಯುವ ಮೊದಲೇ ಬರೆದು, ತಾರೀಖು ಹಾಕಿ ಸಹಿ ಮಾಡಿಸಿಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ನಾನು ವೇಟೇಜ್ ಮಾತ್ರ ಬರೆದಿಟ್ಟಿದ್ದೆ.

ಆಮೇಲೆ ವೇಟೇಜ್ ಅಲ್ಲಾಡಿಸಿ ನೋಡಿದೆ. ಎ ವಿರುದ್ಧ ಬಿ ಗಟ್ಟಿಯಾಗಿ ನಿಂತರು. ಗುಣಮಟ್ಟದ 30ನ್ನು ಪೂರ್ತಿ ತೆಗೆದು ಬೆಲೆಗೆ 70 ಕೊಟ್ಟರೂ ಬಿಗೆ 90.8, ಎಗೆ 90. ಸಿ ವಿರುದ್ಧ ಮಾತ್ರ ಪರಿಸ್ಥಿತಿ ನಾಜೂಕು. ಬೆಲೆಯಿಂದ ಮೂರು ಚಿಲ್ಲರೆ ವೇಟೇಜ್ ತೆಗೆದು ಗುಣಮಟ್ಟಕ್ಕೆ ಹಾಕಿದರೆ ಸಾಕು, ಸಿ ಮುಂದೆ ಹೋಗುತ್ತಾರೆ. 40 ಮತ್ತು 30ರ ಬದಲು 35 ಮತ್ತು 35 ಮಾಡಿದರೆ ಸಿಗೆ 87, ಬಿಗೆ 86.4. ಯಾರು ತಾನೇ 40 ಸರಿ, 35 ತಪ್ಪು ಅಂತ ವಾದಿಸಬಲ್ಲರು? ಹಾಗಾಗಿ ರಿಪೋರ್ಟ್‌ನಲ್ಲಿ "ಬಿ ಮತ್ತು ಸಿ ಅಂಕದಲ್ಲಿ ಸಮ" ಅಂತಲೇ ಬರೆದೆ. ಸಮರ್ಥನೆ ಶುರುವಾಗೋದೇ ಇಲ್ಲಿಂದ. ಅಂಕ ಕೈಬಿಟ್ಟಾಗ ಅಂಕದ ಹಿಂದಿದ್ದ ಅಳತೆಗೆ ವಾಪಸ್ ಹೋಗಬೇಕು.

ನಮ್ಮ ಅಳತೆ ಇದು. ತುಂಬಿದ ಬಾಕ್ಸ್ 12 ಕೆಜಿ. ಗೋಡೌನ್‌ನಲ್ಲಿ ಐದು ಎತ್ತರ ಪೇರಿಸುತ್ತೇವೆ. ಅಂದರೆ ಕೆಳಗಿನ ಬಾಕ್ಸ್ ಮೇಲೆ ನಾಲ್ಕು ಬಾಕ್ಸ್, 48 ಕೆಜಿ. ಆದರೆ 48 ತಡೆದರೆ ಸಾಲದು. ರಟ್ಟು ತೇವ ಹೀರುತ್ತದೆ, ತಿಂಗಳುಗಟ್ಟಲೆ ಭಾರ ಹೊತ್ತರೆ ಸೋಲುತ್ತದೆ, ಲಾರಿಯಲ್ಲಿ ಕುಲುಕಾಡುತ್ತದೆ. ಅದಕ್ಕೆ ನಾಲ್ಕು ಪಟ್ಟು ಇಟ್ಟುಕೊಂಡೆವು, 192 ಕೆಜಿ. ಅಂಕದ ಮಾಪನ ಇದರ ಮೇಲೆ ನಿಂತಿತ್ತು. ಹತ್ತೂ ಬಾಕ್ಸ್ 192 ದಾಟಿದರೆ 80 ಅಂಕ. ಹತ್ತೂ ಅದಕ್ಕಿಂತ ಕಾಲು ಭಾಗ ಜಾಸ್ತಿ, ಅಂದರೆ 240 ದಾಟಿದರೆ 100. ಸರಾಸರಿ ಮಾತ್ರ ದಾಟಿ ಒಂದೆರಡು ಬಾಕ್ಸ್ ಕೆಳಗೆ ಬಿದ್ದರೆ 60.

ಎ ಬಾಕ್ಸ್‌ಗಳ ಸರಾಸರಿ 205. ನೋಡೋಕೆ ಪಾಸ್. ಆದರೆ ಹತ್ತರಲ್ಲಿ ಎರಡು 192ಕ್ಕಿಂತ ಮೊದಲೇ ಕುಸಿದವು, ಒಂದಂತೂ 176ಕ್ಕೆ. ಪೇರಿಕೆಯಲ್ಲಿ ಕೆಳಗಿನ ಒಂದು ಬಾಕ್ಸ್ ಕುಸಿದರೆ ಮೇಲಿನ ನಾಲ್ಕೂ ವಾಲುತ್ತವೆ, ಸರಾಸರಿ ಅಲ್ಲಿ ಕೆಲಸಕ್ಕೆ ಬರಲ್ಲ. ನಿಜ ಹೇಳಬೇಕು ಅಂದರೆ ಇದು ಅಂಕ ಕೊಡುವ ವಿಷಯವೇ ಆಗಿರಲಿಲ್ಲ. "ಹತ್ತೂ 192 ದಾಟಬೇಕು, ಇಲ್ಲದಿದ್ದರೆ ಹೊರಗೆ" ಅಂತ ಮೊದಲೇ ಷರತ್ತು ಹಾಕಬೇಕಿತ್ತು. ಅಗ್ಗದ ದರ ಮೆತ್ತಗಿನ ಬಾಕ್ಸ್‌ಗೆ ಪರಿಹಾರ ಆಗಬಾರದು, ಅಲ್ವಾ? ಬೇರೆ ಫಾರ್ಮುಲಾದಲ್ಲಿ ಎ ಗೆದ್ದರೂ ಯಾಕೆ ಬೇಡ ಅನ್ನೋದಕ್ಕೆ ಇದೇ ಉತ್ತರ ಆಯಿತು.

ಇನ್ನು ಬಿ ಮತ್ತು ಸಿ. ಬಿಯ ಅತಿ ಮೆತ್ತಗಿನ ಬಾಕ್ಸ್ 201ಕ್ಕೆ ಕುಸಿಯಿತು, ಸಿಯದು 262ಕ್ಕೆ. ಸಿ ಬಾಕ್ಸ್ ಗಟ್ಟಿ, ಸಂಶಯ ಇಲ್ಲ. ಆದರೆ ಆ ಹೆಚ್ಚಿನ ಗಟ್ಟಿತನದಿಂದ ನಮಗೆ ಏನು ಸಿಗುತ್ತದೆ? 240 ಅನ್ನೋದು ಆರು ಎತ್ತರ ಪೇರಿಸೋಕೆ ಬೇಕಾದ ಲೆಕ್ಕ: ಐದು ಬಾಕ್ಸ್, 60 ಕೆಜಿ, ನಾಲ್ಕು ಪಟ್ಟು. ನಾವು ಪೇರಿಸೋದು ಐದೇ. ಬಳಸದ ಆ ಆರನೇ ಎತ್ತರಕ್ಕೆ ಬಿಗಿಂತ ನೂರಕ್ಕೆ ಸುಮಾರು 16 ಜಾಸ್ತಿ ಕೊಡಬೇಕಾಗುತ್ತಿತ್ತು. ಡೆಲಿವರಿಯಲ್ಲೂ ಬಿ 12 ಆರ್ಡರ್‌ಗಳಲ್ಲಿ 12ನ್ನೂ ಸಮಯಕ್ಕೆ ಕೊಟ್ಟಿದ್ದರು, ಸಿ 10.

ಇಷ್ಟೆಲ್ಲ ಆದಮೇಲೆ ರಿಪೋರ್ಟ್‌ನ ಮೊದಲ ಪುಟಕ್ಕೆ ಬರೆದಿದ್ದು ಇಷ್ಟೇ:

> ಬಿ ಸಪ್ಲೈಯರ್ ಅನ್ನು ಶಿಫಾರಸು ಮಾಡುತ್ತೇವೆ. ಅಂಕದಲ್ಲಿ ಬಿ ಮತ್ತು ಸಿ ಸಮ. ವೇಟೇಜ್ ಸ್ವಲ್ಪ ಬದಲಾದರೂ ಸ್ಥಾನ ಅದಲುಬದಲಾಗುತ್ತದೆ. ಐದು ಎತ್ತರದ ಪೇರಿಕೆಗೆ ಬೇಕಾದ 192 ಕೆಜಿಯನ್ನು ಬಿಯ ಹತ್ತೂ ಸ್ಯಾಂಪಲ್ ತಡೆದಿವೆ. ಸಿಯ ಹೆಚ್ಚಿನ ಗಟ್ಟಿತನ ಈಗ ಉಪಯೋಗಕ್ಕೆ ಬರುವುದಿಲ್ಲ. ಎಯ ಎರಡು ಸ್ಯಾಂಪಲ್ ಈ ಮಿತಿ ತಲುಪಿಲ್ಲ, ಆದ್ದರಿಂದ ದರ ಕಡಿಮೆ ಇದ್ದರೂ ಕೈಬಿಟ್ಟಿದ್ದೇವೆ. ಬಿಯ ಅಂಚು ಚಿಕ್ಕದು. ಪ್ರತಿ ಲಾಟ್‌ನಿಂದ ಬಾಕ್ಸ್ ತೆಗೆದು ಪರೀಕ್ಷೆ ಮಾಡುವುದು ಒಪ್ಪಂದದ ಷರತ್ತಾಗಬೇಕು. ಆರು ಎತ್ತರ ಪೇರಿಸುವುದಾದರೆ ಅಥವಾ ತುಂಬಿದ ಬಾಕ್ಸ್ ಭಾರ ಹೆಚ್ಚಾದರೆ ಈ ಶಿಫಾರಸು ಅನ್ವಯಿಸುವುದಿಲ್ಲ, ಆಗ ಸಿಯನ್ನು ಪರಿಗಣಿಸಬೇಕು.

ಕೊನೆಯ ವಾಕ್ಯ ಬರೆಯೋಕೆ ನನಗೆ ಭಯ ಇತ್ತು, ನನ್ನ ತೀರ್ಮಾನವನ್ನು ನಾನೇ ಸಡಿಲ ಮಾಡಿದ ಹಾಗೆ ಅನ್ನಿಸಿತ್ತು. ಆದರೆ ಫೈನಾನ್ಸ್‌ನವರು ಅಡಿಗೆರೆ ಹಾಕಿ ಸಹಿ ಮಾಡಿದ್ದು ಅದಕ್ಕೇ.

ನಿಮ್ಮ ಒಂದೂವರೆ ಅಂಕಕ್ಕೆ ಬಂದರೆ, ಮೊದಲು ಇಬ್ಬರ ಅಂಕವನ್ನು ಸಾಲು ಸಾಲಾಗಿ ಕಳೆದು ನೋಡಿ. ನನ್ನದರಲ್ಲಿ ಬಿ ಬೆಲೆಯಲ್ಲಿ 5, ಡೆಲಿವರಿಯಲ್ಲಿ 4 ಮುಂದೆ. ಗುಣಮಟ್ಟದಲ್ಲಿ 6, ಸ್ಪಂದನೆಯಲ್ಲಿ 2 ಹಿಂದೆ. ಈ ಸ್ಪಂದನೆ ಸಾಲು ಮಾತ್ರ ಅಳತೆ ಇಲ್ಲದೆ ಮೂರು ಜನ ಕೂತು ಅಭಿಪ್ರಾಯದ ಮೇಲೆ ಹಾಕಿದ ಅಂಕ. ಅದರ 2 ಅಂಕ, ಗೆಲುವಿನ ಅಂತರಕ್ಕಿಂತ ದೊಡ್ಡದು. ನಿಮ್ಮ ಒಂದೂವರೆ ಅಂಕವೂ ಅಂಥ ಸಾಲಿನಿಂದಲೇ ಬಂದಿದ್ದರೆ, ಆ ಸಾಲಿಗೆ ಅಳತೆ ಹುಡುಕಿ (ಎಷ್ಟು ಗಂಟೆಯಲ್ಲಿ ಉತ್ತರ ಕೊಟ್ಟರು, ಎಷ್ಟು ದೂರು ಬಗೆಹರಿಸಿದರು), ಸಿಗದಿದ್ದರೆ ಅದನ್ನು ತೆಗೆದು ಮತ್ತೊಮ್ಮೆ ಕೂಡಿಸಿ. ಆಮೇಲೂ ಅಂತರ ಉಳಿದರೆ ಯಾವ ಸಾಲಿನಿಂದ ಉಳಿಯಿತು ಅಂತ ಇಲ್ಲೇ ಬರೆಯಿರಿ, ನೋಡೋಣ.