ದೂರದ ಮಕ್ಕಳಿಗೆ ಅಪ್ಪನ ಕಾಯಿಲೆ ಹೇಳಬೇಕಾ?

ಪ್ರಶ್ನೆ: ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ, ಮನೆಯಲ್ಲಿ ನಾವಿಬ್ಬರೇ. ಯಜಮಾನರಿಗೆ ಇತ್ತೀಚೆಗೆ ಆರೋಗ್ಯ ಸರಿಯಿಲ್ಲ. ಅಷ್ಟು ದೂರ ಇರುವವರಿಗೆ ಹೇಳಿ ಏನು ಪ್ರಯೋಜನ? ಸುಮ್ನೆ ಗಾಬರಿ. ಹೇಳದೆ ಇರುವುದೇ ಒಳ್ಳೆಯದಲ್ವಾ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಮಗಳು ಹೊರದೇಶಕ್ಕೆ ಹೋದಳು, ಮಗ ಬೇರೆ ಊರು ಸೇರಿದ. ಆಮೇಲೆ ಫೋನಿನಲ್ಲಿ ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, "ನಾವು ಆರಾಮಾಗಿದ್ದೀವಿ." ನಾನು ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಹೇಳಲಿಲ್ಲ. ಇವರ ಕಣ್ಣಿನ ಪೊರೆ ತೆಗೆಸಿದ್ದನ್ನು ಎಲ್ಲಾ ಮುಗಿದ ಮೇಲೆ ಹೇಳಿದೆ. ಮಕ್ಕಳಿಗೆ ಭಾರವಾಗಬಾರದು ಅನ್ನೋದೇ ನನ್ನ ಲೆಕ್ಕ.

ಐದು ವರ್ಷದ ಹಿಂದೆ, ಒಂದು ಭಾನುವಾರ. ಇವರು ಏಳು ಗಂಟೆಗೆ ಎದ್ದು, ಪೇಪರ್ ಓದಿ, ನನ್ನ ಹತ್ತಿರ ಚೆನ್ನಾಗೇ ಮಾತಾಡಿದ್ದರು. ಎಂಟೂವರೆಗೆ ಮಗಳು ವಿಡಿಯೋ ಕಾಲ್ ಮಾಡಿದಳು. ಇವರು ಎರಡು ಮಾತು ಆಡಿದರು, ಅಷ್ಟೇ. "ಅಮ್ಮಾ, ಅಪ್ಪನ ಮಾತು ಯಾಕೋ ತೊದಲ್ತಿದೆ. ಬಾಯಿ ಒಂದು ಕಡೆ ಎಳೆದ ಹಾಗಿದೆ" ಅಂದಳು.

ನಾನು ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ. "ಈಗಷ್ಟೇ ಎದ್ದಿದ್ದಾರೆ ಕಣೇ, ನಿದ್ದೆಗಣ್ಣು" ಅಂದೆ.

ಈ ಒಂದು ವಾಕ್ಯದ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಇವರು ಎದ್ದು ಒಂದೂವರೆ ಗಂಟೆ ಆಗಿತ್ತು. ಮಾತು ತೊದಲಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಅಲ್ಲಿ ಆಗ ರಾತ್ರಿ, ಅವಳು ಮಲಗುವ ಹೊತ್ತು. ನಿದ್ದೆ ಕೆಡಿಸಿಕೊಳ್ಳುತ್ತಾಳೆ ಅನ್ನೋದು ಮೊದಲು ತಲೆಗೆ ಬಂತು. ಸುಳ್ಳು ಹೇಳಬೇಕು ಅಂತ ಯೋಚಿಸಿದ್ದೂ ಅಲ್ಲ. ವರ್ಷಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು. ಅವಳಿಗೆ ಹೇಳಿದ ಆ ಸುಳ್ಳನ್ನು ಫೋನ್ ಇಟ್ಟ ಮೇಲೆ ನಾನೇ ನಂಬಿದೆ. "ಸ್ವಲ್ಪ ಮಲಗಿ, ಸರಿಹೋಗುತ್ತೆ" ಅಂದೆ ಇವರಿಗೆ.

ಮಧ್ಯಾಹ್ನ ಒಂದೂವರೆಗೆ ಬಲಗೈಯಿಂದ ಲೋಟ ಜಾರಿತು. ಕೈ ಎತ್ತಲು ಆಗಲಿಲ್ಲ. ಆಸ್ಪತ್ರೆ ಸೇರುವಾಗ ಎರಡೂವರೆ. ಡಾಕ್ಟರು ಮೊದಲು ಕೇಳಿದ್ದು, "ಕೊನೆಯ ಸಲ ಪೂರ್ತಿ ಸರಿ ಇದ್ದದ್ದು ಯಾವಾಗ?" ಲಕ್ವ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು. ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಆರು ಗಂಟೆ ಕಳೆದಿದ್ದೆವು. ದೊಡ್ಡ ನಾಳ ಕಟ್ಟಿದ್ದರೆ ಕೆಲವರಿಗೆ ತಡವಾದರೂ ಹೆಪ್ಪನ್ನು ಹೊರಗೆ ತೆಗೆಯುವ ದಾರಿ ಇದೆಯಂತೆ. ಇವರದ್ದು ಸಣ್ಣ ನಾಳ. ಬಲಗೈ ಇವತ್ತಿಗೂ ಪೂರ್ತಿ ಬಂದಿಲ್ಲ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ.

ಬೇಗ ಹೋಗಿದ್ದರೆ ಕೈ ಉಳಿಯುತ್ತಿತ್ತು ಅಂತ ಡಾಕ್ಟರು ಹೇಳಲಿಲ್ಲ. ಆದರೆ ಆ ಅವಕಾಶ ಕಳೆದದ್ದು ನಾನು. ಎರಡು ತಿಂಗಳಾದ ಮೇಲೆ ಮಗಳು ಹೇಳಿದಳು, "ನೀನು ಸುಳ್ಳು ಹೇಳಿದ್ದಕ್ಕಲ್ಲ ಅಮ್ಮ. ನಾನು ಕಣ್ಣಾರೆ ಕಂಡದ್ದನ್ನೇ ನಂಬದ ಹಾಗೆ ಮಾಡಿದೆಯಲ್ಲ." ಆಮೇಲೆ ಬಹಳ ಕಾಲ ನಾನು "ಆರಾಮ" ಅಂದರೆ ಪಕ್ಕದ ಮನೆಯವರಿಗೆ ಫೋನ್ ಮಾಡಿ ಕೇಳುತ್ತಿದ್ದಳು. ಅವಳ ಗಾಬರಿ ತಪ್ಪಿಸಲು ಹೋಗಿ ದಿನಾ ಗಾಬರಿಪಡುವ ಹಾಗೆ ಮಾಡಿಟ್ಟೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೂರ ಇರುವವರಿಗೆ ಹೇಳಿ ಏನು ಪ್ರಯೋಜನ ಅಂತೀರಿ. ದಿನಾ ಜೊತೆಗಿರುವ ನಮ್ಮ ಕಣ್ಣಿಗೆ ಎಲ್ಲವೂ ಒಗ್ಗಿಹೋಗಿರುತ್ತದೆ. ಮುಖ ಇಳಿದದ್ದು, ನಡಿಗೆ ನಿಧಾನವಾದದ್ದು, ಹೇಳಿದ್ದೇ ಹೇಳುವುದು, ಇವೆಲ್ಲ ವಾರಕ್ಕೊಮ್ಮೆ ನೋಡುವವರಿಗೆ ಬೇಗ ಕಾಣುತ್ತವೆ. ಅವತ್ತು ಸರಿಯಾಗಿ ಕಂಡದ್ದು ಅವಳಿಗೇ ಅಲ್ವಾ?

ಆದರೆ ಅರ್ಧಂಬರ್ಧ ಹೇಳಬೇಡಿ. "ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ" ಅಂದು ಬಿಟ್ಟರೆ ಅವರು ರಾತ್ರಿಯೆಲ್ಲ ಊಹೆ ಮಾಡುತ್ತಾ ಕೂರುತ್ತಾರೆ. ಏನಾಯಿತು, ಡಾಕ್ಟರು ಏನಂದರು, ಮುಂದಿನ ಪರೀಕ್ಷೆ ಯಾವತ್ತು, ಇಷ್ಟನ್ನು ಅದೇ ದಿನ ಹೇಳಿ. "ನೀನು ಬರಬೇಡ" ಅಂತ ಮಾತ್ರ ಸೇರಿಸಬೇಡಿ. ಬರುವುದು ಬಿಡುವುದು ಅವರ ತೀರ್ಮಾನ. ಇವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯ ಫೋಟೋ ಈಗ ಇಬ್ಬರು ಮಕ್ಕಳ ಫೋನಿನಲ್ಲೂ ಇದೆ. ಮಾತ್ರೆ ಬದಲಾದ ದಿನವೇ ಹೊಸದು ಕಳಿಸುತ್ತೇನೆ. ಪಕ್ಕದ ಮನೆಯವರ ನಂಬರ್ ಅವರ ಹತ್ತಿರ ಇದೆ, ನಮ್ಮ ಮನೆಯ ಒಂದು ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇದೆ.

ಮಾತು ತೊದಲಿದರೆ, ಬಾಯಿ ಒಂದು ಕಡೆ ಜಗ್ಗಿದರೆ, ಎರಡೂ ಕೈ ಎತ್ತಿ ಅಂದಾಗ ಒಂದು ಕೆಳಗಿಳಿದರೆ ಕಾಯಬೇಡಿ. ಸ್ವಲ್ಪ ಹೊತ್ತಿಗೆ ತಾನಾಗೇ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಇವತ್ತು ಮಕ್ಕಳ ಫೋನ್ ಬಂದಾಗ ಯಜಮಾನರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ. ಅವರ ಮುಖ ಬೆಳಕಿನ ಕಡೆ ಇರಲಿ.