ಒಂದೇ ದಿನದಲ್ಲಿ ಮರಳಿ ಬಂದ ಹರಿವು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ಮೊದಲ ಸಲ ನನ್ನ ಹತ್ತಿರ ಬಂದಾಗ 30 ವಾರ ತುಂಬಿತ್ತು. ಸ್ಕ್ಯಾನ್ ರಿಪೋರ್ಟಿನ ಒಂದು ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು. ಮಗುವಿನ ಅಂದಾಜು ತೂಕ 1,240 ಗ್ರಾಂ, 10ನೇ ಸೆಂಟೈಲ್‌ಗಿಂತ ಕಡಿಮೆ.

"ನಾನೇ ಗಿಡ್ಡ, ನಮ್ಮಮ್ಮನೂ ಗಿಡ್ಡ. ಮಗು ನಮ್ಮ ಥರಾನೇ ಇರಬಹುದಲ್ವಾ?"

ಇರಬಹುದು ಅಂತಲೇ ಹೇಳಿದೆ. ಅಷ್ಟೇ ವಾರದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಕೊನೆಯ ಹತ್ತರಲ್ಲಿ ಯಾರಾದರೂ ಇರಲೇಬೇಕು. ಆ ಹತ್ತರಲ್ಲಿ ಎಷ್ಟೋ ಮಕ್ಕಳು ಚೆನ್ನಾಗಿಯೇ ಇರುತ್ತವೆ, ಸುಮ್ನೆ ಸಣ್ಣಗಿರುತ್ತವೆ ಅಷ್ಟೇ. ವಾರಕ್ಕೆ ತಕ್ಕಷ್ಟು ತೂಕ ಇಲ್ಲದ ಮಗುವಿಗೆ ಡಾಕ್ಟರುಗಳು ಎಸ್‌ಜಿಎ ಅನ್ನುತ್ತಾರೆ. ಎಫ್‌ಜಿಆರ್ ಬೇರೆ. ಅಲ್ಲಿ ಮಗು ಇನ್ನೂ ಬೆಳೆಯಬೇಕಿತ್ತು, ಬೆಳೆಯಲು ಆಗುತ್ತಿಲ್ಲ. ಹೆಚ್ಚಾಗಿ ತೊಂದರೆ ಇರುವುದು ಮಾಸಿನಲ್ಲಿ. ತೂಕ ಒಂದೇ ನೋಡಿದರೆ ಇವೆರಡನ್ನೂ ಬಿಡಿಸಿ ಹೇಳಲು ಆಗುವುದಿಲ್ಲ.

ವಾರದ ಲೆಕ್ಕ ಸರಿ ಇದೆಯಾ ಅಂತ ಮೊದಲು ನೋಡಿದೆವು. ಒಂಬತ್ತನೇ ವಾರದಲ್ಲಿ ಮಾಡಿಸಿದ ಸ್ಕ್ಯಾನ್ ಇತ್ತು, ಹಾಗಾಗಿ ಅನುಮಾನ ಇರಲಿಲ್ಲ. ಹೊಕ್ಕುಳಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಕೂಡ ಸರಿಯಾಗಿತ್ತು. ಎರಡು ವಾರ ಬಿಟ್ಟು ಮತ್ತೆ ಅಳೆಯೋಣ, ಅಲ್ಲಿಯವರೆಗೆ ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಕಾಯದೆ ಬನ್ನಿ ಅಂತ ಹೇಳಿ ಕಳಿಸಿದೆ. ಎರಡು ವಾರಕ್ಕೂ ಮುಂಚೆ ಅಳೆದರೆ ಪ್ರಯೋಜನ ಕಡಿಮೆ. ಸ್ಕ್ಯಾನ್ ಹೇಳುವ ತೂಕದಲ್ಲೇ ಶೇಕಡ ಹತ್ತರಷ್ಟು ಹೆಚ್ಚುಕಮ್ಮಿ ಸುಲಭವಾಗಿ ಬರುತ್ತದೆ. ನಾಲ್ಕೇ ದಿನದ ಬೆಳವಣಿಗೆ ಆ ತಪ್ಪಿನೊಳಗೇ ಮುಚ್ಚಿಹೋಗುತ್ತದೆ.

32ನೇ ವಾರದಲ್ಲಿ ತೂಕ 1,440 ಗ್ರಾಂ. ಎರಡು ವಾರಕ್ಕೆ 200 ಗ್ರಾಂ ಏರಿತ್ತು. ಈ ಹೊತ್ತಿನಲ್ಲಿ ಸರಿಸುಮಾರು ಅದರ ಎರಡು ಪಟ್ಟು ಏರಬೇಕು. ಮಗು 3ನೇ ಸೆಂಟೈಲ್‌ಗಿಂತ ಕೆಳಗೆ ಜಾರಿತ್ತು. ಹೊಕ್ಕುಳಬಳ್ಳಿಯ ಅಪಧಮನಿಯ ಪಿಐ, ಅಂದರೆ ಅಲ್ಲಿ ಹರಿವಿಗೆ ಎಷ್ಟು ತಡೆ ಇದೆ ಅನ್ನುವುದರ ಅಳತೆ, ಅದೂ ಆ ವಾರದ ಮಿತಿ ದಾಟಿತ್ತು. ಗಿಡ್ಡ ಅಮ್ಮನ ಗಿಡ್ಡ ಮಗು ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಇದು ಎಫ್‌ಜಿಆರ್.

"ಮಗುವಿಗೆ ರಕ್ತ ಹೋಗ್ತಾ ಇಲ್ವಾ?" ಅಂತ ಗಂಡ ಕೇಳಿದರು. ಹೆಚ್ಚಿನವರು ಇದನ್ನೇ ಕೇಳುತ್ತಾರೆ, ಆದರೆ ಆ ನಾಳದಲ್ಲಿ ಹರಿಯುವುದು ಮಗುವಿನ ಕಡೆಗೆ ಬರುವ ರಕ್ತ ಅಲ್ಲ. ಮಗುವಿನ ಹೃದಯ ಮಾಸಿನ ಕಡೆಗೆ ತಳ್ಳುವ ರಕ್ತ. ನಾನು ರಿಪೋರ್ಟಿನ ಹಿಂದೆ ಚಿತ್ರ ಬಿಡಿಸಿದೆ. ಪ್ರತಿ ಬಡಿತಕ್ಕೂ ಒಂದು ಶಿಖರ, ಆಮೇಲೆ ನಿಧಾನವಾಗಿ ಇಳಿಯುವ ಇಳಿಜಾರು. ಮಾಸು ಚೆನ್ನಾಗಿದ್ದರೆ ಎರಡು ಬಡಿತಗಳ ನಡುವೆಯೂ ರಕ್ತ ಮುಂದಕ್ಕೆ ಹರಿಯುತ್ತಲೇ ಇರುತ್ತದೆ, ಇಳಿಜಾರು ನೆಲ ಮುಟ್ಟುವುದಿಲ್ಲ. ಮಾಸಿನೊಳಗಿನ ಸಣ್ಣ ನಾಳಗಳು ಹಾಳಾಗುತ್ತ ಹೋದಂತೆ ಎದುರೊತ್ತಡ ಏರುತ್ತದೆ, ಇಳಿಜಾರು ತಗ್ಗುತ್ತದೆ. ಪಿಐ ಜಾಸ್ತಿ ಅಂದರೆ ಇದೇ. ಇನ್ನೂ ಕೆಟ್ಟರೆ ಇಳಿಜಾರು ನೆಲ ಮುಟ್ಟಿ, ಬಡಿತದ ಕೊನೆಗೆ ಹರಿವೇ ಇಲ್ಲವಾಗುತ್ತದೆ. ಅದಕ್ಕೂ ಆಚೆಗೆ ಹೋದರೆ ರಕ್ತ ಹಿಂದಕ್ಕೆ ಬರುತ್ತದೆ, ಗೆರೆ ನೆಲದ ಕೆಳಗೆ ಕಾಣುತ್ತದೆ.

ಹೆರಿಗೆಯ ಹೊತ್ತು ನಿರ್ಧಾರವಾಗುವುದು ಹೆಚ್ಚಾಗಿ ಈ ಇಳಿಜಾರಿನ ಮೇಲೆ. ಮಗು ಸಣ್ಣದು ಆದರೆ ಹರಿವು ಸರಿ ಇದೆ ಅಂದರೆ ಸಾಮಾನ್ಯವಾಗಿ 38-39 ವಾರದವರೆಗೆ ಕಾಯುತ್ತಾರೆ. ಪಿಐ ಮಾತ್ರ ಏರಿದ್ದರೆ ಸುಮಾರು 37. ಕೊನೆಯ ಹರಿವು ನಿಂತಿದ್ದರೆ ಹೆಚ್ಚೆಂದರೆ 34. ಹಿಂದಕ್ಕೆ ಬರುತ್ತಿದ್ದರೆ 30-32. ಅಷ್ಟರೊಳಗೆ ಮಗುವಿನ ಹೃದಯ ಬಡಿತದ ಪಟ್ಟಿಯೋ ತಾಯಿಯ ಬಿಪಿಯೋ ಕೆಟ್ಟರೆ ಈ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಈಗಲೇ ತೆಗೆದುಬಿಡಿ ಅಂದರು ಆಕೆ. 32 ವಾರ, 1,440 ಗ್ರಾಂ. ಹರಿವು ಕಡಿಮೆಯಾಗಿದೆ, ನಿಂತಿಲ್ಲ. ಈ ಹೊತ್ತಿನಲ್ಲಿ ಒಳಗೆ ಕಳೆಯುವ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ ಲಾಭ. ವಾರಕ್ಕೆರಡು ಸಲ ಡಾಪ್ಲರ್ ಮಾಡಿಸಿ ಅಂದೆ. ಹಗಲೆಲ್ಲ ಮಲಗೇ ಇರಬೇಕಾ ಅಂತ ಕೇಳಿದರು. ಬೇಡ ಅಂದೆ. ಮಲಗಿದರೆ ಮಾಸು ಸರಿಹೋಗುವುದಿಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರ ಹೆಚ್ಚುತ್ತದೆ.

33 ವಾರ 1 ದಿನಕ್ಕೆ ಕೊನೆಯ ಹರಿವು ನಿಂತಿತು. ಸ್ಕ್ಯಾನ್ ಮಾಡಿದ ಡಾಕ್ಟರು ಒಂದೇ ಸಲ ನೋಡಿ ಬರೆಯಲಿಲ್ಲ. ಮಗು ಉಸಿರಾಟದ ಚಲನೆ ಮಾಡುವಾಗ ಅಲೆಗಳು ಏರುಪೇರಾಗುತ್ತವೆ. ಯಂತ್ರದ ಫಿಲ್ಟರ್ ಜಾಸ್ತಿ ಇಟ್ಟಿದ್ದರೆ ನಿಧಾನದ ಹರಿವು ತೆರೆಯಿಂದಲೇ ಅಳಿಸಿಹೋಗುತ್ತದೆ. ಬಳ್ಳಿಯಲ್ಲಿ ಮಗುವಿನ ಹೊಟ್ಟೆಯ ಹತ್ತಿರ ಅಳೆದರೆ ಒಂದು ಥರ, ಮಾಸಿನ ಹತ್ತಿರ ಅಳೆದರೆ ಇನ್ನೊಂದು ಥರ. ನಡುವಿನ ತೇಲುವ ಸುರುಳಿಯಲ್ಲಿ, ಮಗು ಸುಮ್ಮನಿದ್ದಾಗ, ಮೂರು ಕಡೆ ನೋಡಿ ಖಚಿತ ಮಾಡಿಕೊಂಡರು. ಅದೇ ದಿನ ಆಸ್ಪತ್ರೆಗೆ ಸೇರಿಸಿಕೊಂಡು, ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಬೀಟಾಮೆಥಸೋನ್ 12 ಮಿಲಿಗ್ರಾಂ, 24 ಗಂಟೆಯ ಅಂತರದಲ್ಲಿ ಎರಡು.

ಎರಡನೇ ಇಂಜೆಕ್ಷನ್ ಆದ ಮೇಲಿನ ಸ್ಕ್ಯಾನಿನಲ್ಲಿ ಹರಿವು ಮರಳಿ ಬಂದಿತ್ತು! ಗಂಡ ಆಗಲೇ ಬ್ಯಾಗ್ ತುಂಬಿಸುತ್ತಿದ್ದರು. "ಸರಿ ಹೋಯ್ತಲ್ಲ ಮೇಡಂ, ಇನ್ಯಾಕೆ ಇಲ್ಲಿ?"

ಈ ಪ್ರಕರಣ ಬರೆಯಲು ಕಾರಣವೇ ಈ ಗಳಿಗೆ. ಸ್ಟೀರಾಯ್ಡ್ ಕೊಟ್ಟ ಮೇಲೆ ಎಷ್ಟೋ ಮಕ್ಕಳಲ್ಲಿ ಕೊನೆಯ ಹರಿವು ಕೆಲವು ದಿನ ಮರಳಿ ಕಾಣುತ್ತದೆ. ಅದು ಔಷಧಿಯ ಪರಿಣಾಮ, ಮಾಸಿನ ಹಾಳಾದ ನಾಳಗಳು ಎರಡು ದಿನದಲ್ಲಿ ಸರಿಹೋಗಿಲ್ಲ. ನಾನು ಬ್ಯಾಗ್ ಕಡೆ ನೋಡದೆ ಇಷ್ಟು ಹೇಳಿದೆ: "ಇವತ್ತಿನ ರಿಪೋರ್ಟ್ ಒಳ್ಳೆಯದೇ. ಆದರೆ ಅದನ್ನು ನಂಬಿ ಮನೆಗೆ ಹೋಗಬೇಡಿ. ಇದೇ ಸ್ಕ್ಯಾನ್ ಇಂಜೆಕ್ಷನ್‌ಗೆ ಮುಂಚೆ ಬಂದಿದ್ದರೆ ನಾನೇ ನಿಮ್ಮನ್ನು ಕಳಿಸುತ್ತಿದ್ದೆ." ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಂಡನ ಕೈಯಿಂದ ಟವೆಲ್ ಇಸ್ಕೊಂಡು ಮಂಚದ ಮೇಲೆ ಇಟ್ಟರು.

ಮೂರನೇ ದಿನ ಹರಿವು ಮತ್ತೆ ನಿಂತಿತು. ಹೃದಯ ಬಡಿತದ ಪಟ್ಟಿ ದಿನಾ ಚೆನ್ನಾಗಿಯೇ ಬರುತ್ತಿತ್ತು. 34 ವಾರ ತುಂಬಿದ ದಿನ ಸಿಸೇರಿಯನ್ ಆಯಿತು. ನಾರ್ಮಲ್ ಯಾಕೆ ಬೇಡ ಅಂತ ಕೇಳಿದ್ದರು. ನೋವು ಬಂದಾಗಲೆಲ್ಲ ಮಾಸಿಗೆ ಹೋಗುವ ರಕ್ತ ಸ್ವಲ್ಪ ತಡೆಯುತ್ತದೆ, ಈ ಮಗುವಿನ ಹತ್ತಿರ ಅದನ್ನು ತಾಳಿಕೊಳ್ಳುವ ಉಳಿತಾಯ ಇಲ್ಲ ಅಂತ ವಿವರಿಸಿದೆ. ಹುಡುಗಿ, 1,580 ಗ್ರಾಂ. 18 ದಿನ ಎನ್ಐಸಿಯುನಲ್ಲಿದ್ದು ಮನೆಗೆ ಹೋಯಿತು.

ಇದೇ ಚಿತ್ರ ಎಲ್ಲರಿಗೂ ಹೊಂದುವುದಿಲ್ಲ. 34-35 ವಾರ ದಾಟಿದ ಮೇಲೆ ಶುರುವಾಗುವ ಎಫ್‌ಜಿಆರ್‌ನಲ್ಲಿ ಹೊಕ್ಕುಳಬಳ್ಳಿಯ ಹರಿವು ಸರಿಯಾಗಿಯೇ ಕಾಣಬಹುದು. ಅಲ್ಲಿ ಮಗುವಿನ ಮೆದುಳಿನ ನಾಳವನ್ನೂ ನೋಡಬೇಕು, ಬೆಳವಣಿಗೆಯ ಗೆರೆ ಎಷ್ಟು ಕೆಳಗೆ ಜಾರಿದೆ ಅನ್ನುವುದನ್ನೂ ನೋಡಬೇಕು.

ಆರು ವಾರದ ಮೇಲೆ ಆಕೆ ಮತ್ತೆ ಬಂದರು, ಮುಂದಿನ ಸಲವೂ ಹೀಗೇ ಆಗುತ್ತಾ ಅಂತ ಕೇಳಲು. ಆಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಆಗಲೇಬೇಕು ಅಂತಿಲ್ಲ ಅಂದೆ. ಮಾಸಿನ ಪರೀಕ್ಷೆಯ ರಿಪೋರ್ಟನ್ನು ಫೈಲಿನಲ್ಲೇ ಇಟ್ಟುಕೊಳ್ಳಿ. ಗರ್ಭ ನಿಂತದ್ದು ಗೊತ್ತಾದ ಕೂಡಲೇ ಬನ್ನಿ. ಕಡಿಮೆ ಡೋಸಿನ ಆಸ್ಪಿರಿನ್ ನಿಮಗೆ ಬೇಕಾ ಅಂತ ಡಾಕ್ಟರು 12ನೇ ವಾರದ ಹೊತ್ತಿಗೇ ತೀರ್ಮಾನಿಸಬೇಕು. 16 ವಾರ ದಾಟಿ ಶುರು ಮಾಡಿದರೆ ಅದರಿಂದ ಸಿಗುವ ಲಾಭ ಕಡಿಮೆ.